ಐನೂರು ಪದದ ಉರ್ದು ಕಾಲಂ: ಏಳು ವಾರದ ದಿನಚರಿ

ಮೊದಲ ವಾರ

ನಮ್ಮ ಮನೆಯಲ್ಲಿ ಆಡುವುದು ದಖನಿ, ನಮ್ಮ ಕಡೆಯ ಆಡುಮಾತಿನ ಉರ್ದು. ನಾನು ಓದಿದ್ದು ಕಲಬುರಗಿಯ ಕನ್ನಡ ಶಾಲೆಯಲ್ಲಿ. ಹಾಗಾಗಿ ಉರ್ದು ಕಿವಿಗೆ ಗೊತ್ತಿತ್ತು, ಕಣ್ಣಿಗೆ ಗೊತ್ತಿರಲಿಲ್ಲ. ಎರಡು ವರ್ಷದಿಂದ ಪಕ್ಕದ ಬೀದಿಯ ನಿವೃತ್ತ ಉರ್ದು ಮಾಸ್ಟರ್ ಸಾಬ್ ಹತ್ತಿರ ಲಿಪಿ ಕಲಿಯುತ್ತಿದ್ದೇನೆ. ಈಗ ಪತ್ರಿಕೆಯನ್ನು ನಿಧಾನಕ್ಕೆ ಓದಬಲ್ಲೆ. ಒಂದು ಕಾಲಂ ನಾನೇ ಬರೆಯಬೇಕು ಅಂತ ಆಸೆಯಾಗಿದೆ. ಉರ್ದುವಿನಲ್ಲೂ ಅದಕ್ಕೆ ಕಾಲಂ ಅಂತಲೇ ಹೆಸರು, ಬರೆಯುವವರು ಕಾಲಂ ನಿಗಾರ್.

ಆಸೆಗೆ ಒಂದು ಕಾರಣವೂ ಇದೆ. ಹೈದರಾಬಾದಿನ ಸಿಯಾಸತ್ ಉರ್ದು ಪತ್ರಿಕೆಯಲ್ಲಿ 1962ರಿಂದ ನಗೆ ಕಾಲಂ ಬರೆದು ಹೆಸರಾದ ಮುಜ್ತಬಾ ಹುಸೇನ್ ಹುಟ್ಟಿದ್ದು ನಮ್ಮ ಜಿಲ್ಲೆಯಲ್ಲೇ, 1936ರಲ್ಲಿ. ನಮ್ಮೂರ ಕಡೆಯ ಮಾತು ಕೇಳಿ ಬೆಳೆದವರು ಇದನ್ನು ಮಾಡಬಹುದು ಅನ್ನೋದು ನನಗೆ ದೊಡ್ಡ ಧೈರ್ಯ.

ನಾನು ಬರೆಯಬೇಕೆಂದಿರುವುದು ನಗೆ ಕಾಲಂ ಅಲ್ಲ. ಒಂದು ಘಟನೆಯಿಂದ ಶುರುವಾಗಿ, ಮೆಲ್ಲಗೆ ಒಂದು ಯೋಚನೆಯಲ್ಲಿ ನಿಲ್ಲುವಂಥದ್ದು. ಘಟನೆ ನನ್ನ ಹತ್ತಿರ ಇದೆ. ಎಷ್ಟೋ ವರ್ಷದಿಂದ ಇದೆ.

ನಾನು ಒಂಬತ್ತು ವರ್ಷದವನಿದ್ದಾಗ ನನ್ನ ಅಮ್ಮಿಯ ತಾಯಿ, ನಾನಿಯ ಜೊತೆ ಸಂಜೆ ಮಾರ್ಕೆಟ್ಟಿಗೆ ಹೋಗಿದ್ದೆ. ಮಿರ್ಚಿ ಕರಿಯುವವನು ಉರ್ದು ಪತ್ರಿಕೆಯ ಒಂದು ಹಾಳೆ ತೆಗೆದು ಅದರಲ್ಲಿ ನಾಲ್ಕು ಬಿಸಿ ಮಿರ್ಚಿ ಹಾಕಿದ. ನಾನಿ "ನಕ್ಕೋ, ಇಸ್ಮೆ ನಕ್ಕೋ", ಬೇಡ, ಇದರಲ್ಲಿ ಬೇಡ ಅಂತ ಕೈ ಅಡ್ಡ ಹಿಡಿದಳು. ಉರ್ದು ಹಾಳೆಯಲ್ಲಿ ಎಲ್ಲೋ ಒಂದು ಕಡೆ ಅಲ್ಲಾಹನ ಹೆಸರು ಇರುತ್ತದೆ ಅಂತ ಅವಳ ನಂಬಿಕೆ. ಮಿರ್ಚಿಗಳನ್ನು ಸೆರಗಿಗೆ ಹಾಕಿಸಿಕೊಂಡಳು. ಬಿಳಿ ಸೆರಗಿನಲ್ಲಿ ಎಣ್ಣೆ ದುಂಡಗೆ ಹರಡಿತು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಮನೆಗೆ ತಂದು, ಕಡಲೆಹಿಟ್ಟು ಉದುರಿಸಿ ಎಣ್ಣೆ ಹೀರಿಸಿ, ಟ್ರಂಕಿನಲ್ಲಿಟ್ಟಳು. ನಾನಿಗೆ ಓದಲು ಬರುತ್ತಿರಲಿಲ್ಲ. ನನಗೂ ಆಗ ಬರುತ್ತಿರಲಿಲ್ಲ.

ಎರಡನೇ ವಾರ

ಮೊದಲ ಕರಡು ಮುಗಿಯಿತು. ಗೆರೆ ಹಾಳೆಯಲ್ಲಿ ಕೈಯಿಂದ ಬರೆದೆ, 910 ಪದ. ನಾನು ನೋಡಿದ ಚಿಕ್ಕ ಕಾಲಂಗಳು ಐದುನೂರರ ಆಸುಪಾಸಿನವು. ಅರ್ಧದಷ್ಟು ತೆಗೆಯಬೇಕು.

ಮಾಸ್ಟರ್ ಸಾಬ್ ಮೊದಲ ವಾಕ್ಯಕ್ಕೇ ಪೆನ್ಸಿಲ್ ಇಟ್ಟರು. "ನಾನಿ ಉರ್ದು ಕಾಗದಗಳನ್ನು ಎತ್ತಿ ತರುತ್ತಿದ್ದರು" ಅಂತ ಶುರು ಮಾಡಿದ್ದೆ. ಉರ್ದುವಿನಲ್ಲಿ "ಉಠಾ ಲಾತೀ ಥೀಂ." ಇದು ರೂಢಿ ಹೇಳುವ ಕ್ರಿಯೆ. ಏನೂ ಕಾಣುವುದಿಲ್ಲ, ಬರೀ ಮಾಹಿತಿ ಸಿಗುತ್ತದೆ. "ಒಂದೇ ಸಂಜೆ ಹೇಳು, ಬೇಟಾ" ಅಂದರು. "ಥಾ, ಥೀ ಬರುವ ಕಡೆಯೆಲ್ಲ ಗೀಟು ಹಾಕು." ಹಾಕಿದೆ. ಮೊದಲ ಪ್ಯಾರಾದಲ್ಲೇ ಹನ್ನೊಂದು ಇದ್ದವು. ಅವುಗಳಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡೆ. ಈಗ ಕಾಲಂ ಶುರುವಾಗುವುದು ಹೀಗೆ: ಮಿರ್ಚಿಯವನು ಹಾಳೆ ಹರಿದ. ಅಷ್ಟೇ. ಹರಿದ ಸದ್ದು ಕೇಳಿದಂತಾಗುತ್ತದೆ, ಅಲ್ವಾ?

ಮೂರನೇ ವಾರ

ಈ ವಾರ ಪೂರ್ತಿ "ನೇ" ಜೊತೆ ಕಳೆಯಿತು. ಉರ್ದುವಿನಲ್ಲಿ ಕೆಲಸ ಮಾಡಿದವರ ಹೆಸರಿನ ಮುಂದೆ ಬರುವ ಪುಟ್ಟ ಪದ ಅದು.

ರೂಢಿಯ ಕ್ರಿಯೆ ಬಿಟ್ಟು ನಡೆದು ಮುಗಿದ ಕ್ರಿಯೆಗೆ ಬಂದ ಕೂಡಲೇ ಈ ತೊಂದರೆ ಶುರುವಾಯಿತು. ದಖನಿಯಲ್ಲಿ ನಾವು "ನೇ" ಬಳಸುವುದೇ ಇಲ್ಲ. "ನಾನಿ ಬೋಲೇ" ಅಂತೀವಿ. ಬರಹದ ಉರ್ದುವಿನಲ್ಲಿ "ನಾನಿ ನೇ ಕಹಾ" ಆಗಬೇಕು. ಅಷ್ಟೇ ಆಗಿದ್ದರೆ ಎರಡು ಅಕ್ಷರ ಸೇರಿಸಿದರೆ ಮುಗಿಯುತ್ತಿತ್ತು. ಆದರೆ "ನೇ" ಬಂದರೆ ಕ್ರಿಯಾಪದ ಮಾಡಿದವರನ್ನು ಬಿಟ್ಟು, ಏನನ್ನು ಮಾಡಿದರೋ ಅದರ ಹಿಂದೆ ಹೋಗುತ್ತದೆ. ನಾನಿ ಕಾಗದ ತಗೊಂಡಳು ಅನ್ನೋದು "ನಾನಿ ನೇ ಕಾಗಜ್ ಲೇ ಲಿಯಾ", ಯಾಕೆಂದರೆ ಕಾಗಜ್ ಪುಲ್ಲಿಂಗ. ಮಿರ್ಚಿಗಳನ್ನು ತಗೊಂಡಳು ಅಂದರೆ "ಮಿರ್ಚಿಯಾಂ ಲೇ ಲೀಂ". ಸ್ತ್ರೀಲಿಂಗ, ಬಹುವಚನ, ಕೊನೆಗೆ ಮೂಗಿನ ದನಿ. ಕನ್ನಡದಲ್ಲಿ ಯೋಚಿಸುವ ತಲೆಗೆ ಇದು ಸುಲಭವಾಗಿ ಹಿಡಿಯುವುದಿಲ್ಲ. ನಮ್ಮಲ್ಲಿ "ತಗೊಂಡಳು" ಅಂದರೆ ಅವಳೇ, ಮಿರ್ಚಿಯಾಗಲಿ ಕಾಗದವಾಗಲಿ.

ನಾನು ಕಂಡುಕೊಂಡ ಉಪಾಯ ಹೇಳುತ್ತೇನೆ. ಪ್ರತಿ ಕ್ರಿಯಾಪದದಿಂದ ಅದು ಯಾವ ಪದದ ಜೊತೆ ಹೊಂದಬೇಕೋ ಆ ಪದಕ್ಕೆ ಕೆಂಪು ಪೆನ್ನಿನಲ್ಲಿ ಒಂದು ಬಾಣ ಎಳೆದೆ. ಬಾಣ ನಾನಿಯ ಕಡೆ ಹೋದ ಕಡೆಯೆಲ್ಲ "ನೇ" ಇದೆಯಾ ಅಂತ ನೋಡಿದೆ. ಇದ್ದರೆ ಅಲ್ಲಿ ತಪ್ಪು. ಒಟ್ಟು ಎಂಟು ತಪ್ಪು ಸಿಕ್ಕಿದವು.

ನಾನಿಯ ಮಾತನ್ನು ಮಾತ್ರ ಮುಟ್ಟಲಿಲ್ಲ. "ನಕ್ಕೋ" ತೆಗೆದು "ನಹೀಂ" ಹಾಕಿ ನೋಡಿದ್ದೆ. ಯಾರೋ ಲಖನೌದ ಹೆಂಗಸು ನಮ್ಮೂರ ಮಾರ್ಕೆಟ್ಟಿಗೆ ಬಂದಂತೆ ಕೇಳಿಸಿತು. ನಿರೂಪಣೆ ಬರಹದ ಉರ್ದುವಿನಲ್ಲಿ, ನಾನಿ ಆಡಿದ್ದು ದಖನಿಯಲ್ಲಿ. ಮಾಸ್ಟರ್ ಸಾಬ್ ಒಪ್ಪಿದರು. ಹೌದು ಅನ್ನುವ "ಹೌ" ಮತ್ತು "ನಕ್ಕೋ" ಓದಿ ಅವರ ಮುಖ ಅರಳಿದ್ದನ್ನು ನಾನು ನೋಡಿದೆ.

ನಾಲ್ಕನೇ ವಾರ

ಘಟನೆಯ ಭಾಗ 260 ಪದಕ್ಕೆ ಇಳಿದಿದೆ. ಈಗ ನಡು. ಘಟನೆಯಿಂದ ಯೋಚನೆಗೆ ದಾಟುವ ಜಾಗ.

ನಾನು ಬರೆದಿದ್ದು: "ಯೇ ವಾಕಿಆ ಮುಝೇ ಇಸ್ ಲಿಯೇ ಯಾದ್ ಆಯಾ ಕೆ..." ಈ ಘಟನೆ ನನಗೆ ಯಾಕೆ ನೆನಪಾಯಿತೆಂದರೆ ಅಂತ. ಇಂಥ ವಾಕ್ಯ ಪತ್ರಿಕೆಗಳಲ್ಲಿ ಬಹಳ ಸಿಗುತ್ತದೆ, ಅದಕ್ಕೇ ನನ್ನ ಕೈಗೂ ಬಂದಿತ್ತು. ಮಾಸ್ಟರ್ ಸಾಬ್ ಅದನ್ನು ಓದಿ ಕಾಗದ ಕೆಳಗಿಟ್ಟು, ಕಸೀದಾದ ಬಗ್ಗೆ ಹೇಳಲು ಶುರು ಮಾಡಿದರು. ಕಸೀದಾ ಅಂದರೆ ದೊರೆಯನ್ನೋ ದೊಡ್ಡವರನ್ನೋ ಹೊಗಳುವ ಹಳೆಯ ಕಾವ್ಯ. ಅದು ನೇರವಾಗಿ ಹೊಗಳಿಕೆಯಿಂದ ಶುರುವಾಗುವುದಿಲ್ಲ. ಮೊದಲು ವಸಂತವೋ ಪ್ರೇಮವೋ ಬರುತ್ತದೆ, ಆ ಭಾಗ ತಶ್ಬೀಬ್. ಅಲ್ಲಿಂದ ಹೊಗಳಿಕೆಗೆ ದಾಟುವ ಜಾಗಕ್ಕೆ ಗುರೇಜ್ ಅನ್ನುತ್ತಾರೆ. ಗುರೇಜ್ ಅಂದರೆ ತಪ್ಪಿಸಿಕೊಂಡು ಜಾರುವುದು. ಒಳ್ಳೆಯ ಗುರೇಜ್ ಒಂದೆರಡು ಸಾಲಿನಲ್ಲಿ ಮುಗಿಯುತ್ತದೆ, ದಾಟಿದ್ದು ಕೇಳುವವರಿಗೆ ಗೊತ್ತೇ ಆಗುವುದಿಲ್ಲ.

"ನೀನು ಬಾಗಿಲು ಬಡಿದು ಒಳಗೆ ಬರ್ತಿದ್ದೀಯ" ಅಂದರು.

ಮನೆಗೆ ಬಂದು ಯೋಚಿಸಿದೆ. ಘಟನೆಯಲ್ಲಿ ಇರುವ ಯಾವ ವಸ್ತು ಇವತ್ತಿಗೂ ಇದೆ? ನಾನಿ ಇಲ್ಲ. ಮಿರ್ಚಿಯವನ ಬಂಡಿ ಇಲ್ಲ. ಟ್ರಂಕು ಇದೆ. ಹಾಗಾದರೆ ದಾಟುವುದಕ್ಕೆ ಅದೇ ದಾರಿ. "ಪಿಛ್ಲೇ ಮಹೀನೇ ಸಂದೂಕ್ ಖೋಲಾ." ಹೋದ ತಿಂಗಳು ಟ್ರಂಕು ತೆಗೆದೆ. ನಾಲ್ಕೇ ಪದ. ಮೂವತ್ತು ವರ್ಷ ದಾಟಿ ಹೋಯಿತು, ವಿವರಣೆ ಬೇಕಾಗಲಿಲ್ಲ.

ಆ ವಾಕ್ಯ ಬರೆದ ಮೇಲೆ ಇನ್ನೊಂದು ಮಾತು ಹೊಳೆಯಿತು. ಟ್ರಂಕನ್ನು ನಾನು ನಿಜವಾಗಿ ತೆಗೆದು ನೋಡೇ ಇರಲಿಲ್ಲ. ಬರೆಯುವ ಮೊದಲು ನೋಡಬೇಕಿತ್ತು. ಅಮ್ಮಿಯ ಹತ್ತಿರ ಕೀಲಿ ಇತ್ತು.

ಐದನೇ ವಾರ

ಹಾಳೆ ಸಿಕ್ಕಿತು. ಎಣ್ಣೆಯ ಕಲೆ ಈಗ ಕಂದು ಬಣ್ಣಕ್ಕೆ ತಿರುಗಿದೆ, ಅಕ್ಷರ ಅದರ ಮೂಲಕ ಕಾಣುತ್ತದೆ. ನೆಲದ ಮೇಲೆ ಕೂತು ಬೆರಳಿಟ್ಟು ಓದಿದೆ. ಒಂದು ಬದಿಯಲ್ಲಿ ಚರಂಡಿ ರಿಪೇರಿಯ ಟೆಂಡರ್ ನೋಟೀಸು. ಇನ್ನೊಂದು ಬದಿಯಲ್ಲಿ ಸಿನಿಮಾ ಜಾಹೀರಾತು, ಮೂರು ಆಟದ ಸಮಯ. ಎರಡು ಸಲ ಓದಿದೆ. ನಾನಿ ಹುಡುಕಿದ ಹೆಸರು ಆ ಹಾಳೆಯಲ್ಲಿ ಎಲ್ಲೂ ಇಲ್ಲ.

ತುಂಬಾ ಹೊತ್ತು ಅಲ್ಲೇ ಕೂತಿದ್ದೆ.

ನನ್ನ ಕರಡಿನ ಕೊನೆಯಲ್ಲಿ ಉರ್ದು ಉಳಿಯಬೇಕು, ಮಕ್ಕಳು ಕಲಿಯಬೇಕು ಅಂತ 200 ಪದ ಇತ್ತು. ಅದರ ಮೇಲೆ ಎರಡು ಸಾಲಿನ ಒಂದು ಶೇರ್ ಬೇರೆ. ಕಥೆ ಹೇಳಿ ಕೊನೆಗೆ ಪದ್ಯದಲ್ಲಿ ನೀತಿ ಹೇಳುವ ಈ ರೂಢಿ ಹಳೆಯದು. ಫಾರಸಿ ಕವಿ ಸಾದಿ 1258ರಲ್ಲಿ ಮುಗಿಸಿದ ಗುಲಿಸ್ತಾನ ಪುಸ್ತಕದ ಹಿಕಾಯತ್‌ಗಳಲ್ಲೇ, ಅಂದರೆ ಪುಟ್ಟ ಕಥೆಗಳಲ್ಲೇ, ಅದು ಕಾಣುತ್ತದೆ. ಆದರೆ ಆ ಟೆಂಡರ್ ನೋಟೀಸು ಓದಿದ ಮೇಲೆ ನನ್ನ 200 ಪದ ಸುಳ್ಳಾಗಿ ಕೇಳಿಸಿತು. ಎಲ್ಲವನ್ನೂ ಹೊಡೆದು ಹಾಕಿದೆ. ಶೇರ್ ಕೂಡ. ಹಾಳೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದೆ. ಆಮೇಲೆ ಒಂದು ವಾಕ್ಯ: ನಾನಿಗೆ ಓದಲು ಬರುತ್ತಿದ್ದರೆ ಈ ಕಾಗದ ಉಳಿಯುತ್ತಿತ್ತೋ ಇಲ್ಲವೋ.

ಅದಾದ ಮೇಲೆ ಕೊನೆಯದು: "ಮೈಂ ನೇ ಪಢ್ ಲಿಯಾ, ಔರ್ ಉಸೀ ತಹ್ ಪರ್ ಮೋಡ್ ಕರ್ ರಖ್ ದಿಯಾ." ಓದಿದೆ, ಅದೇ ಮಡಿಕೆಯಲ್ಲಿ ಮಡಚಿ ಇಟ್ಟೆ.

ಆರನೇ ವಾರ

ಟೈಪ್ ಮಾಡಿದೆ. ಇಲ್ಲಿ ಸುಮ್ನೆ ಎರಡು ಸಂಜೆ ಹೋದವು. ನನ್ನ ಫೋನಿನಲ್ಲಿ ಅರಬಿ ಕೀಬೋರ್ಡ್ ಇತ್ತು. ಅದೇ ಸಾಕು ಅಂದುಕೊಂಡಿದ್ದೆ. ಆದರೆ ಕಂಪ್ಯೂಟರಿಗೆ ಎರಡೂ ಬೇರೆ ಬೇರೆ ಅಕ್ಷರ: ಅರಬಿಯ ಕಾಫ್‌ನ ಯೂನಿಕೋಡ್ ಸಂಖ್ಯೆ U+0643, ಉರ್ದುವಿನ ಕಾಫ್‌ನದು U+06A9. ಉರ್ದುವಿನ ಕಾಫ್ ಇರುವ "ಕಾಗಜ್" ಹುಡುಕಿದರೆ ನನ್ನ ಫೈಲಿನಲ್ಲಿ ಒಂದೂ ಸಿಗಲಿಲ್ಲ, ಹದಿನಾಲ್ಕು ಸಲ ಬರೆದಿದ್ದರೂ. ತಪ್ಪು ಗೊತ್ತಾದದ್ದೇ ಆಗ. "ಯೇ" ಅಕ್ಷರದ್ದೂ ಇದೇ ಕಥೆ: U+064A ತೆಗೆದು U+06CC ಹಾಕಬೇಕು. ಉರ್ದು ಕೀಬೋರ್ಡ್ ಹಾಕಿಕೊಂಡು ಎಲ್ಲವನ್ನೂ ಹೊಸದಾಗಿ ಟೈಪ್ ಮಾಡಿದೆ. ಈಗ 512 ಪದ.

ಏಳನೇ ವಾರ

ಕೊನೆಯ ಓದು. ಮಾಸ್ಟರ್ ಸಾಬ್ ಗಟ್ಟಿಯಾಗಿ ಓದಿದರು, ನಾನು ಕೇಳಿದೆ. ಮಧ್ಯದಲ್ಲಿ ಒಂದು ಕಡೆ ತಪ್ಪು ಓದಿದರು. ನಾನು "ಉಸ್ ಕಾಗಜ್" ಬರೆದಿದ್ದೆ, ಆ ಕಾಗದ ಅಂತ. ಅವರು "ಇಸ್ ಕಾಗಜ್" ಅಂದರು, ಈ ಕಾಗದ ಅಂತ. ತಪ್ಪು ಅವರದಲ್ಲ. ಎರಡನ್ನೂ ಬರೆಯುವುದು ಅಲಿಫ್, ಸೀನ್ ಎರಡೇ ಅಕ್ಷರದಲ್ಲಿ. ಮೇಲೆ ಪೇಶ್ ಇಟ್ಟರೆ ಉಸ್, ಕೆಳಗೆ ಜೇರ್ ಇಟ್ಟರೆ ಇಸ್. ಪತ್ರಿಕೆಯಲ್ಲಿ ಆ ಗುರುತು ಸಾಮಾನ್ಯವಾಗಿ ಹಾಕುವುದಿಲ್ಲ, ಓದುವವರು ಸಂದರ್ಭ ನೋಡಿ ತಿಳಿಯುತ್ತಾರೆ. ನನ್ನ ವಾಕ್ಯದಲ್ಲಿ ಸಂದರ್ಭ ಸಾಲುತ್ತಿರಲಿಲ್ಲ. ಅದನ್ನು "ನಾನಿ ಕೇ ಕಾಗಜ್" ಅಂತ ಬದಲಿಸಿದೆ. ಈಗ ಅನುಮಾನವೇ ಇಲ್ಲ.

ಕೊನೆಯ ವಾಕ್ಯ ಬಂತು. ಅಲ್ಲಿ "ಉಸೀ ತಹ್" ಇದೆ. ಅದರಲ್ಲೂ ಇದೇ ತೊಡಕು. ಉಸೀ ಅಂತ ಓದಿದರೆ ನಾನಿ ಅವತ್ತು ಮಾಡಿದ ಆ ಮಡಿಕೆ. ಇಸೀ ಅಂತ ಓದಿದರೆ ನನ್ನ ಕೈಯಲ್ಲಿರುವ ಈ ಮಡಿಕೆ. ಅವರು "ಇಸೀ" ಅಂತ ಓದಿದರು. ಪೇಶ್ ಹಾಕಲು ನಾನು ಪೆನ್ಸಿಲ್ ತಗೊಂಡೆ. ಮಾಸ್ಟರ್ ಸಾಬ್ ಇನ್ನೊಂದು ಸಲ, ಈಗ ಸದ್ದಿಲ್ಲದೆ ಓದಿಕೊಂಡರು. ಆಮೇಲೆ ನನ್ನ ಕೈ ಹಿಡಿದು, "ಇಲ್ಲಿ ಬಿಡು" ಅಂದರು.

ಬಿಟ್ಟೆ. ನಾಳೆ ಪತ್ರಿಕೆಗೆ ಕಳಿಸುತ್ತೇನೆ.