ಮಾರುಕಟ್ಟೆಯ ದಿನ ಫೋನ್ ಎತ್ತದ ಸಾಹೇಬರ ಬಳಿ ರೆಫರೆನ್ಸ್ ಕೇಳುವಾಗ

ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿರುವ ಮಸಾಲೆ ಪದಾರ್ಥಗಳ ಘಟಕವೊಂದರಲ್ಲಿ ದಾಸ್ತಾನು ವಿಭಾಗದ ಮೇಲ್ವಿಚಾರಕಿಯ ಕೆಲಸಕ್ಕೆ ನನ್ನ ಸಂದರ್ಶನ ಮುಗಿದಿತ್ತು. ಎಚ್.ಆರ್. ವಿಭಾಗದವರು ರೆಫರೆನ್ಸ್‌ಗಾಗಿ, ಅಂದರೆ ನನ್ನ ಕೆಲಸದ ಬಗ್ಗೆ ಹೇಳಬಲ್ಲ ಇಬ್ಬರ ಹೆಸರು ಮತ್ತು ಫೋನ್ ನಂಬರ್ ಕೇಳಿದರು. ಅವರಲ್ಲಿ ಒಬ್ಬರ ಕೈಕೆಳಗೆ ನಾನು ನೇರವಾಗಿ ದುಡಿದಿರಬೇಕು, ಫೆಬ್ರುವರಿ 19ರ ಸೋಮವಾರ ಸಂಜೆಯೊಳಗೆ ಇಬ್ಬರ ಜೊತೆಗೂ ಮಾತು ಮುಗಿದಿರಬೇಕು ಎಂದರು. ಆ ಜಾಗಕ್ಕೆ ನನಗೆ ನೆನಪಾದವರು ಒಬ್ಬರೇ: ಬ್ಯಾಡಗಿಯ ಶೀತಲಗೃಹದಲ್ಲಿ ನನ್ನ ಮ್ಯಾನೇಜರ್ ಆಗಿದ್ದ ಸಾಹೇಬರು.

ಫೆಬ್ರುವರಿ ಎಂದರೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಆವಕದ ಭರಾಟೆಯ ಕಾಲ. ಸೋಮವಾರ ಮತ್ತು ಗುರುವಾರ ಮಾರುಕಟ್ಟೆ. ಟೆಂಡರ್ ಘೋಷಣೆಯಾಗಿ, ತೂಕ ಮುಗಿದು, ಚೀಲಗಳು ಶೀತಲಗೃಹದ ಬಾಗಿಲಿಗೆ ಬರುವಷ್ಟರಲ್ಲಿ ಸಂಜೆಯಾಗುತ್ತದೆ. ಇಳಿಸುವ ಕೆಲಸ ಮರುದಿನದವರೆಗೂ ನಡೆಯುತ್ತದೆ. ಅಂಥ ದಿನ ಅವರು ಪರಿಚಯವಿಲ್ಲದ ನಂಬರಿನ ಕರೆಯನ್ನು ಎತ್ತುವುದಿಲ್ಲ. ಎತ್ತಿದರೂ ಒಂದು ಕಿವಿಯಲ್ಲಿ ಹಮಾಲರ ಕೂಗು ಇರುತ್ತದೆ. ನನ್ನ ಜೊತೆ ಕೆಲಸ ಮಾಡಿ ಬೇರೆಡೆಗೆ ಹೋದ ಗೆಳತಿಯೊಬ್ಬಳಿಗೆ ಆದದ್ದೂ ಅದೇ. ಹೊಸ ಕಂಪನಿಯವರು ಗುರುವಾರ ಮಧ್ಯಾಹ್ನ ಅವಳ ಹಳೆಯ ಅಧಿಕಾರಿಗೆ ಕರೆ ಮಾಡಿದರು. ಕರೆ ಬರುತ್ತದೆ ಎಂಬ ಸುಳಿವು ಅವರಿಗೆ ಮೊದಲು ಇರಲಿಲ್ಲ. ಅವರು "ಹೌದು, ಇದ್ದಳು, ಒಳ್ಳೆಯ ಹುಡುಗಿ" ಎಂದು ಹೇಳಿ ಫೋನ್ ಇಟ್ಟರು. ಅವರು ಹೇಳಿದ್ದರಲ್ಲಿ ಒಂದೂ ಕೆಟ್ಟ ಮಾತಿರಲಿಲ್ಲ. ಆದರೆ ಕೇಳಿದವರ ವರದಿಯಲ್ಲಿ ಬರೆದುಕೊಳ್ಳಲು ಏನೂ ಸಿಗಲಿಲ್ಲ, ಅವಳ ನೇಮಕ ಅಷ್ಟಕ್ಕೇ ತಡವಾಯಿತು.

ರೆಫರೆನ್ಸ್ ಕರೆಯಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ ಬಗೆಯವು. ಇವರು ಯಾವಾಗಿನಿಂದ ಯಾವಾಗಿನವರೆಗೆ ನಿಮ್ಮಲ್ಲಿದ್ದರು, ಯಾವ ಹುದ್ದೆಯಲ್ಲಿದ್ದರು, ನೀವು ಅವರ ಕೆಲಸವನ್ನು ನೇರವಾಗಿ ನೋಡುತ್ತಿದ್ದಿರಾ, ಒತ್ತಡದ ದಿನಗಳಲ್ಲಿ ಹೇಗೆ ನಡೆದುಕೊಂಡರು, ಯಾವುದರಲ್ಲಿ ಇನ್ನೂ ಪಳಗಬೇಕು, ಏಕೆ ಬಿಟ್ಟು ಹೋದರು, ಅವಕಾಶವಿದ್ದರೆ ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುತ್ತೀರಾ. ಒಂದು ಶೀತಲಗೃಹದಲ್ಲಿ ಹತ್ತಾರು ಜನ ಬಂದು ಹೋಗುತ್ತಾರೆ. ಬಿಟ್ಟು ಹೋಗಿ ಕೆಲವು ವರ್ಷಗಳಾದ ಒಬ್ಬಳ ಬಗ್ಗೆ ಇಷ್ಟಕ್ಕೆಲ್ಲ ಥಟ್ಟನೆ ಉತ್ತರಿಸು ಎಂದರೆ ಯಾರಿಂದಲೂ ಆಗದು. ಸಾಹೇಬರಿಗೆ ನನ್ನ ಮೇಲೆ ವಿಶ್ವಾಸವಿತ್ತು. ಆ ವಿಶ್ವಾಸ ಮಾತಾಗಿ ಹೊರಬರಲು ಬೇಕಾದ ವಿವರವನ್ನೂ ಸಮಯವನ್ನೂ ಒದಗಿಸುವುದು ನನ್ನ ಕೆಲಸವಾಗಿತ್ತು.

ಆದ್ದರಿಂದ ಅವರ ನಂಬರನ್ನು ಫಾರ್ಮಿನಲ್ಲಿ ತುಂಬುವ ಮೊದಲು ಎಚ್.ಆರ್. ವಿಭಾಗದವರನ್ನೇ ಕೆಲವು ವಿಷಯ ಕೇಳಿದೆ. ಕರೆ ಮಾಡುವವರು ನೀವೇನಾ, ಹೊರಗಿನ ಪರಿಶೀಲನಾ ಸಂಸ್ಥೆಯವರಾ? ಯಾವ ನಂಬರಿನಿಂದ ಕರೆ ಬರುತ್ತದೆ? ಎಷ್ಟು ಹೊತ್ತಿನ ಮಾತು? ಇಮೇಲ್ ಫಾರ್ಮ್ ಏನಾದರೂ ಇದೆಯಾ? ಈ ಕೊನೆಯ ಪ್ರಶ್ನೆಯನ್ನು ಯಾರೂ ಬಿಡಬಾರದು. ಕೆಲವು ಪರಿಶೀಲನಾ ಸಂಸ್ಥೆಗಳು ಫಾರ್ಮನ್ನು ಕಂಪನಿಯ ಅಧಿಕೃತ ಇಮೇಲ್ ವಿಳಾಸಕ್ಕೆ ಮಾತ್ರ ಕಳುಹಿಸುತ್ತವೆ, ವೈಯಕ್ತಿಕ ಜಿಮೇಲ್ ಒಪ್ಪುವುದಿಲ್ಲ. ನಮ್ಮ ಸಾಹೇಬರ ಕಚೇರಿಯ ಇಮೇಲನ್ನು ತೆರೆಯುತ್ತಿದ್ದವರು ಲೆಕ್ಕದ ಗುಮಾಸ್ತರು. ಫಾರ್ಮ್ ಅಲ್ಲಿಗೆ ಹೋಗಿದ್ದರೆ ಬಿಲ್ಲುಗಳ ನಡುವೆ ಹೂತುಹೋಗುತ್ತಿತ್ತು. ಫೋನಿನಲ್ಲೇ ಮಾತನಾಡುತ್ತೇವೆ, ಹದಿನೈದು ನಿಮಿಷ ಸಾಕು, ನಮ್ಮ ವಿಭಾಗದ ಒಬ್ಬ ಮಹಿಳೆ ಕರೆ ಮಾಡುತ್ತಾರೆ ಎಂದು ತಿಳಿಸಿ ಅವರ ಹೆಸರನ್ನೂ ನಂಬರನ್ನೂ ಕೊಟ್ಟರು.

ಆಮೇಲೆ ಕ್ಯಾಲೆಂಡರ್ ಮುಂದಿಟ್ಟುಕೊಂಡೆ. ಕಂಪನಿಯ ಕೊನೆಯ ದಿನವಾದ 19 ಸೋಮವಾರ, ಅಂದರೆ ಮಾರುಕಟ್ಟೆ. ಅದನ್ನೇ ಸಾಹೇಬರಿಗೆ ಕೊನೆಯ ದಿನವೆಂದು ಹೇಳಿದರೆ ಇಡೀ ವ್ಯವಸ್ಥೆ ಅವರ ಅತಿ ಕಷ್ಟದ ದಿನಕ್ಕೆ ಹೋಗಿ ನಿಲ್ಲುತ್ತದೆ. 15 ಗುರುವಾರವೂ ಮಾರುಕಟ್ಟೆ, 16ರ ಬೆಳಿಗ್ಗೆ ಚೀಲ ಇಳಿಸುವುದು ಇರುತ್ತದೆ. ಉಳಿದದ್ದು 14ರ ಬುಧವಾರ, 16ರ ಶುಕ್ರವಾರ ಮಧ್ಯಾಹ್ನದ ನಂತರ ಮತ್ತು 17ರ ಶನಿವಾರ. ಅವರಿಗೆ ಹೇಳುವ ಕೊನೆಯ ದಿನವನ್ನು ಶನಿವಾರಕ್ಕೆ ತಂದೆ. ಏನಾದರೂ ಏರುಪೇರಾದರೆ ಭಾನುವಾರವೊಂದು ಕೈಯಲ್ಲಿ ಉಳಿಯುತ್ತಿತ್ತು.

ಇದಕ್ಕಿಂತ ಮುಖ್ಯವಾದ ಇನ್ನೊಂದು ತಾರೀಖು ಇದೆ, ಅದನ್ನು ಹೆಚ್ಚಿನವರು ಹಾಕುವುದೇ ಇಲ್ಲ. ಅದು ಒಪ್ಪಿಗೆಯ ತಾರೀಖು. ಅವರು ಒಲ್ಲೆ ಎಂದರೆ ನಾನು ಇನ್ನೊಬ್ಬರನ್ನು ಹುಡುಕಬೇಕು. ಆ ಇನ್ನೊಬ್ಬರಿಗೂ ಇಷ್ಟೇ ಸಮಯ ಸಿಗಬೇಕು. ಹಾಗಾಗಿ 9ರ ಶುಕ್ರವಾರ ರಾತ್ರಿ ಊಟದ ಹೊತ್ತು ಕಳೆದ ಮೇಲೆ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದ ಸಂದೇಶದಲ್ಲಿ ಎರಡು ತಾರೀಖುಗಳಿದ್ದವು:

"ಸರ್, ನಮಸ್ಕಾರ. ತಾರಿಹಾಳದ ಮಸಾಲೆ ಘಟಕವೊಂದರಲ್ಲಿ ದಾಸ್ತಾನು ಮೇಲ್ವಿಚಾರಕಿಯ ಕೆಲಸಕ್ಕೆ ನನ್ನ ಸಂದರ್ಶನ ಆಗಿದೆ. ಬರುವ ಸರಕಿನ ತಪಾಸಣೆ, ಲಾಟ್ ಪ್ರಕಾರ ಜೋಡಣೆ, ಹೊರಹೋಗುವ ಲೆಕ್ಕ ಅಲ್ಲಿಯ ಮುಖ್ಯ ಕೆಲಸ. ನನ್ನ ಕೆಲಸದ ಬಗ್ಗೆ ತಿಳಿದವರೊಬ್ಬರ ಜೊತೆ ಹದಿನೈದು ನಿಮಿಷ ಫೋನಿನಲ್ಲಿ ಮಾತನಾಡಬೇಕು ಎಂದಿದ್ದಾರೆ. ತಮ್ಮ ಹೆಸರು ಕೊಡಬಹುದೇ? ಸೀಸನ್ನಿನ ಗಡಿಬಿಡಿಯಲ್ಲಿ ಆಗದಿದ್ದರೆ ದಯವಿಟ್ಟು ಹಾಗೆಯೇ ತಿಳಿಸಿ, ಬೇರೆಯವರನ್ನು ಕೇಳುತ್ತೇನೆ, ಏನೂ ಬೇಸರವಿಲ್ಲ. 11ರ ಭಾನುವಾರ ಸಂಜೆಯೊಳಗೆ ತಿಳಿಸಿದರೆ ಅನುಕೂಲ. ಒಪ್ಪಿದರೆ ಮಾತು 17ರ ಶನಿವಾರದೊಳಗೆ ಆಗಬೇಕು. ಸೋಮವಾರ, ಗುರುವಾರ ಕರೆ ಮಾಡದಂತೆ ಅವರಿಗೆ ಹೇಳುತ್ತೇನೆ. ತಮಗೆ ಯಾವ ಹೊತ್ತು ಸರಿ ಎಂದು ಹೇಳಿ."

ಮೊದಲ ಸಂದೇಶ ಇಷ್ಟಕ್ಕೇ ಮುಗಿದಿತ್ತು. ಒಪ್ಪಿಗೆ ಕೇಳುವ ಸಂದೇಶದಲ್ಲೇ ಹಳೆಯ ಕೆಲಸದ ಪಟ್ಟಿಯನ್ನೂ ತುಂಬಿದರೆ, ಓದುವವರಿಗೆ ಆಗಲೇ ಒಪ್ಪಿಕೊಂಡಂತೆ ಭಾರವಾಗುತ್ತದೆ. ಒಲ್ಲೆ ಎನ್ನಲು ದಾರಿ ಬಿಟ್ಟದ್ದು ಬರಿಯ ವಿನಯಕ್ಕಲ್ಲ. ನಮ್ಮ ಕಡೆಯ ಹಿರಿಯರು ಮುಖದ ಮೇಲೆ ಇಲ್ಲ ಎನ್ನುವುದು ಕಡಿಮೆ. ಅರೆಮನಸ್ಸಿನಿಂದ ಒಪ್ಪಿದವರ ಅರೆಮನಸ್ಸು ಫೋನಿನ ಆಚೆ ಇರುವವರಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಉತ್ತರದಲ್ಲಿ ತಡವರಿಕೆ ಕಂಡರೆ ಅಥವಾ ಹೇಳಿದ ದಿನಕ್ಕೆ ಉತ್ತರವೇ ಬರದಿದ್ದರೆ, ಇನ್ನೊಮ್ಮೆ ಒತ್ತಾಯಿಸದೆ ಧನ್ಯವಾದ ಹೇಳಿ ಬೇರೆಯವರ ಬಳಿ ಹೋಗಬೇಕು. ಕೆಲವು ದೊಡ್ಡ ಕಂಪನಿಗಳಲ್ಲಿ ಮ್ಯಾನೇಜರ್‌ಗಳು ರೆಫರೆನ್ಸ್ ಕೊಡುವಂತಿಲ್ಲ, ಎಚ್.ಆರ್. ವಿಭಾಗ ಸೇರಿದ ಮತ್ತು ಬಿಟ್ಟ ದಿನಾಂಕಗಳನ್ನಷ್ಟೇ ದೃಢಪಡಿಸುತ್ತದೆ ಎಂಬ ನಿಯಮವೂ ಇರುತ್ತದೆ. ಅಂಥಲ್ಲಿ ಅದೇ ಕಂಪನಿ ಬಿಟ್ಟು ಬೇರೆಡೆ ಇರುವ ನಿಮ್ಮ ಹಳೆಯ ಮ್ಯಾನೇಜರ್ ಸರಿಯಾದ ಆಯ್ಕೆ.

ಶನಿವಾರ ರಾತ್ರಿ ಸಾಹೇಬರೇ ಕರೆ ಮಾಡಿದರು. "ತಂಗಿ, ಹೆಸರು ಕೊಡು. ಮುಂದಿನ ಶನಿವಾರ ಹನ್ನೊಂದರ ಮೇಲೆ ಮಾತನಾಡುತ್ತೇನೆ. ಆದರೆ ನೀನು ಬಿಟ್ಟದ್ದು ಯಾವ ವರ್ಷ ಎಂಬುದೇ ನನಗೆ ನೆನಪಿಲ್ಲ, ಸ್ವಲ್ಪ ಬರೆದು ಕಳುಹಿಸು" ಎಂದರು. ಎರಡನೆಯ ಸಂದೇಶಕ್ಕೆ ಅವರೇ ಬಾಗಿಲು ತೆರೆದರು.

ಅದರಲ್ಲಿ ಮೊದಲು ಬರೆದದ್ದು ದಿನಾಂಕಗಳು: ಜೂನ್ 2019ರಿಂದ ಆಗಸ್ಟ್ 2022. ಇದು ಅನುಭವ ಪತ್ರದಲ್ಲಿ ಇರುವಂತೆಯೇ ಇರಬೇಕು. ಭವಿಷ್ಯ ನಿಧಿಯ ಯುಎಎನ್ ಖಾತೆಯ ಸೇವಾ ವಿವರದಲ್ಲಿಯೂ ಸೇರಿದ ಮತ್ತು ಬಿಟ್ಟ ದಿನಾಂಕಗಳು ದಾಖಲಾಗಿರುತ್ತವೆ, ಪರಿಶೀಲಿಸುವವರು ಅದನ್ನೂ ನೋಡಬಹುದು. ಮ್ಯಾನೇಜರ್ "ಎರಡು ವರ್ಷ ಇದ್ದಿರಬಹುದು" ಎಂದು ಅಂದಾಜಿಗೆ ಹೇಳಿ, ಕಾಗದದಲ್ಲಿ ಮೂರು ವರ್ಷ ಇದ್ದರೆ, ಇಬ್ಬರೂ ಪ್ರಾಮಾಣಿಕರಾಗಿದ್ದರೂ ಸಂಶಯಕ್ಕೆ ಎಡೆಯಾಗುತ್ತದೆ.

ನಂತರ ಹೊಸ ಕೆಲಸಕ್ಕೆ ಹೊಂದುವ ಎರಡು ಪ್ರಸಂಗಗಳನ್ನು ಮಾತ್ರ ನೆನಪಿಸಿದೆ. ಒಂದು, ಡಬ್ಬಿ ಮತ್ತು ಕಡ್ಡಿ ಎಂಬ ಎರಡು ಬಗೆಯ ಮೆಣಸಿನಕಾಯಿಯ ಚೀಲಗಳು ಒಂದೇ ಕೋಣೆಯಲ್ಲಿ ಬೆರೆತು ಹೋಗುತ್ತಿದ್ದ ಕಾಲದಲ್ಲಿ ಪ್ರತಿ ಸಾಲಿಗೂ ಲಾಟ್ ನಂಬರ್, ದಲಾಲರ ಹೆಸರು, ಒಳಬಂದ ತಾರೀಖು ಬರೆದ ಹಲಗೆ ನೇತುಹಾಕುವ ಪದ್ಧತಿ ಶುರು ಮಾಡಿದ್ದು. ಇನ್ನೊಂದು ತೇವಾಂಶದ್ದು. ಕಾಯಿ ಮುರಿಯದಿರಲಿ ಎಂದು ನೀರು ಚಿಮುಕಿಸಿದ ಚೀಲಗಳು ಬರುತ್ತಿದ್ದವು. ಆಹಾರ ಸುರಕ್ಷತಾ ಮಾನದಂಡದ ಪ್ರಕಾರ ಇಡಿಯಾದ ಒಣಮೆಣಸಿನಕಾಯಿಯಲ್ಲಿ ತೇವಾಂಶ 11% ಮೀರಬಾರದು. ಮೀರಿದರೆ ಬೂಷ್ಟು ಹಿಡಿಯುವ ಅಪಾಯ. ಮೀಟರಿನಲ್ಲಿ ಹೆಚ್ಚು ತೋರಿಸಿದ ಲಾಟನ್ನು ನಾನು ಹೊರಗೇ ನಿಲ್ಲಿಸಿದ್ದೆ, ವ್ಯಾಪಾರಿ ಗಲಾಟೆ ಮಾಡಿದ್ದ, ಸಾಹೇಬರು ನನ್ನ ಪರವಾಗಿ ನಿಂತಿದ್ದರು. ಎರಡರಲ್ಲೂ ಅವರು ಸ್ವತಃ ಸಾಕ್ಷಿ. ಅವರು ಕಣ್ಣಾರೆ ಕಾಣದ ಸಾಧನೆಯನ್ನು ಬರೆದು ಕೊಟ್ಟರೆ ಅದು ಅವರ ಬಾಯಲ್ಲಿ ಪಾಠ ಒಪ್ಪಿಸಿದಂತೆ ಕೇಳಿಸುತ್ತದೆ, ಮರುಪ್ರಶ್ನೆ ಬಂದ ತಕ್ಷಣ ನಿಂತುಹೋಗುತ್ತದೆ.

ಬಿಟ್ಟ ಕಾರಣವನ್ನೂ ಸಂದರ್ಶನದಲ್ಲಿ ನಾನು ಹೇಳಿದ್ದ ಮಾತಿನಲ್ಲೇ ಬರೆದೆ: ಮದುವೆಯಾಗಿ ಹುಬ್ಬಳ್ಳಿಗೆ ಬಂದದ್ದು. ನನ್ನ ಕೊರತೆಯ ಬಗ್ಗೆ ಮಾತ್ರ ಏನನ್ನೂ ಬರೆದುಕೊಡಲಿಲ್ಲ. "ಆ ಪ್ರಶ್ನೆ ಕೇಳಬಹುದು ಸರ್, ತಮಗೆ ಕಂಡದ್ದನ್ನೇ ಹೇಳಿ" ಎಂದಷ್ಟೇ ತಿಳಿಸಿದೆ. ಕೊನೆಯಲ್ಲಿ ಕರೆ ಮಾಡುವವರ ಹೆಸರು ಮತ್ತು ನಂಬರ್, ಅದನ್ನು ಫೋನಿನಲ್ಲಿ ಉಳಿಸಿಕೊಳ್ಳಿ ಎಂಬ ಕೋರಿಕೆ. ಒಂದೇ ಪರದೆಯಲ್ಲಿ ಓದಿ ಮುಗಿಯುವಷ್ಟಿತ್ತು.

ಎಚ್.ಆರ್. ವಿಭಾಗಕ್ಕೆ ಶನಿವಾರ ಹನ್ನೊಂದರಿಂದ ಒಂದರವರೆಗಿನ ಸಮಯ ತಿಳಿಸಿ, ಸೋಮವಾರ ಮತ್ತು ಗುರುವಾರ ಏಕೆ ಬೇಡ ಎಂಬುದನ್ನೂ ವಿವರಿಸಿದೆ. ಅವರಿಗೆ ಅದರಿಂದ ಖುಷಿಯೇ ಆಯಿತು, ಸುಮ್ಮನೆ ಕರೆ ಮೇಲೆ ಕರೆ ಮಾಡುವ ಕಷ್ಟ ಅವರಿಗೂ ತಪ್ಪಿತು. ಶುಕ್ರವಾರ ಸಂಜೆ ಸಾಹೇಬರಿಗೆ "ನಾಳೆ ಹನ್ನೊಂದರ ನಂತರ ಕರೆ ಬರುತ್ತದೆ ಸರ್" ಎಂಬ ಒಂದು ಸಾಲು ಕಳುಹಿಸಿದೆ. ಇಡೀ ವಾರದಲ್ಲಿ ಮಾಡಿದ ಜ್ಞಾಪನೆ ಅದೊಂದೇ.

ಅವರು ಏನು ಹೇಳಿದರೆಂದು ನಾನು ಕೇಳಲಿಲ್ಲ. ಅದು ಅವರಿಬ್ಬರ ನಡುವಿನ ಮಾತು. ಆದರೆ ಕೆಲಸಕ್ಕೆ ಸೇರಿದ ಮೇಲೆ ಎಚ್.ಆರ್. ವಿಭಾಗದ ಆ ಮಹಿಳೆ ತಾವಾಗಿಯೇ ತೇವಾಂಶದ ಪ್ರಸಂಗ ಎತ್ತಿದರು. ವ್ಯಾಪಾರಿ ಕೂಗಾಡಿದಾಗ ಈ ಹುಡುಗಿ ಮೀಟರನ್ನು ಅವನ ಕೈಗೇ ಕೊಟ್ಟು ನೀವೇ ನೋಡಿ ಎಂದಿದ್ದಳು ಎಂದು ಸಾಹೇಬರು ಹೇಳಿದ್ದರಂತೆ. ನಾನು ಬರೆದು ಕಳುಹಿಸಿದ್ದರಲ್ಲಿ ಆ ವಿವರ ಇರಲಿಲ್ಲ. ನೆನಪಿನ ಒಂದು ತುದಿ ಸಿಕ್ಕಿದ್ದರಿಂದ ಉಳಿದದ್ದನ್ನು ಅವರೇ ಎಳೆದು ತೆಗೆದಿದ್ದರು.

ನೇಮಕಾತಿ ಪತ್ರ ಕೈಸೇರಿದ ದಿನವೇ ಸಾಹೇಬರಿಗೆ ಫೋನ್ ಮಾಡಿ ತಿಳಿಸಿದೆ. ಕೆಲಸ ಸಿಗದಿದ್ದರೂ ತಿಳಿಸುತ್ತಿದ್ದೆ, ಏಕೆಂದರೆ ಸಮಯ ಕೊಟ್ಟವರು ಫಲಿತಾಂಶಕ್ಕಾಗಿ ಕಾಯುತ್ತಿರುತ್ತಾರೆ. ಅವರ ಹೆಸರು, ನಂಬರ್ ನನ್ನ ಬಯೊಡೇಟಾದಲ್ಲಿ ಈಗಲೂ ಇಲ್ಲ. ಅವರು ಒಪ್ಪಿದ್ದು ಆ ಒಂದು ಕೆಲಸಕ್ಕೆ. ಮುಂದೆ ಬೇರೆ ಕಡೆ ಅಗತ್ಯ ಬಿದ್ದರೆ, ಆ ಕೆಲಸದ ವಿವರ ಮತ್ತು ಹೊಸ ತಾರೀಖುಗಳೊಂದಿಗೆ ಮೊದಲಿನಿಂದ ಕೇಳುತ್ತೇನೆ.