ಆಟಿಯಲ್ಲಿ ಮುಚ್ಚಿಟ್ಟ ಬ್ರಷ್ ಚೀಲ

ಆಟಿ ತಿಂಗಳಲ್ಲಿ ನಮ್ಮ ಉಡುಪಿ ಕಡೆ ಮದುವೆ ಇಡುವುದಿಲ್ಲ, ಹಾಗಾಗಿ ಮದುಮಗಳ ಮೇಕಪ್ ಮಾಡುವ ನನಗೂ ಕೆಲಸ ಕಡಿಮೆ. ಕಳೆದ ವರ್ಷ ಕೊನೆಯ ಮದುವೆ ಮುಗಿಸಿ ಬಂದ ರಾತ್ರಿಯೇ ಬ್ರಷ್, ಸ್ಪಂಜ್ ಎಲ್ಲ ತೊಳೆದೆ. ಬೆಳಿಗ್ಗೆ ಮುಟ್ಟಿ ನೋಡಿದರೆ ಒಣಗಿದ ಹಾಗೆಯೇ ಇತ್ತು, ಜಿಪ್ ಹಾಕಿ ಕಪಾಟಿನಲ್ಲಿಟ್ಟೆ.

ಆಟಿ ಮುಗಿದು ಸೋಣ ತಿಂಗಳು ಹತ್ತಿರ ಬಂತು ಅಂತ ಚೀಲ ತೆರೆದಾಗ ತಂಗಿ ಮೂಗು ಮುಚ್ಚಿದಳು. "ಅಕ್ಕ, ಒಣಗದ ಬಟ್ಟೆಯ ವಾಸನೆ ಬರ್ತಾ ಉಂಟಲ್ಲ!"

ಸ್ಪಂಜ್ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿತ್ತು. ಸಂಶಯಕ್ಕೆ ಬ್ಲೇಡಿನಿಂದ ನಡುವೆ ಸೀಳಿದೆ. ಒಳಗೆಲ್ಲ ಕಪ್ಪು ಚುಕ್ಕೆ, ಬೂಸು ಹಿಡಿದಿತ್ತು. ಅಂಥ ಸ್ಪಂಜನ್ನು ತೊಳೆದು ಉಳಿಸುವ ಆಸೆ ಬೇಡ, ಬಿಸಾಡಬೇಕು.

ಫೌಂಡೇಶನ್ ಹಚ್ಚುವ ನೈಲಾನ್ ಬ್ರಷ್‌ಗೆ ಏನೂ ಆಗಿರಲಿಲ್ಲ, ಅದರ ಎಳೆ ಹೆಚ್ಚು ನೀರು ಕುಡಿಯುವುದಿಲ್ಲ. ಪೌಡರಿನ ಆಡಿನ ಕೂದಲಿನ ಬ್ರಷ್ ಮಾತ್ರ ಕೈಗೆ ಸಿಕ್ಕಿದ ಕೂಡಲೇ ನಾಲ್ಕೈದು ಕೂದಲು ಉದುರಿಸಿತು. ನಿಜವಾದ ಕೂದಲಿನ ಮೈಮೇಲೆ ಸಣ್ಣ ಸಣ್ಣ ಪದರ ಇರುತ್ತದೆ, ಪೌಡರ್ ಚೆನ್ನಾಗಿ ಹಿಡಿಯುವುದು ಅದರಿಂದಲೇ, ಆದರೆ ಅದು ನೀರನ್ನೂ ಹೀರುತ್ತದೆ, ಒಣಗಲಿಕ್ಕೆ ಜಾಸ್ತಿ ಹೊತ್ತು ಬೇಕು. ನಾನು ಅದನ್ನು ಲೋಟದಲ್ಲಿ ಕೂದಲು ಮೇಲೆ ಮಾಡಿ ನಿಲ್ಲಿಸಿದ್ದೆ. ನೀರು ಕೆಳಗೆ ಇಳಿದು ಲೋಹದ ಕೊಳವೆಯ ಒಳಗಿನ ಅಂಟು ಸಡಿಲಾಗಿತ್ತು.

ಈಗ ತೊಳೆಯುವ ಕ್ರಮವನ್ನೇ ಬದಲಿಸಿದ್ದೇನೆ. ಉಗುರು ಬೆಚ್ಚಗಿನ ನೀರು, ಅಂಗೈಯಲ್ಲಿ ಒಂದು ಹನಿ ಶಾಂಪೂ, ಕೂದಲಿನ ತುದಿಯನ್ನು ಮಾತ್ರ ಕೆಳಮುಖವಾಗಿ ಮೆಲ್ಲಗೆ ತಿರುಗಿಸುತ್ತೇನೆ, ಕೊಳವೆಗೆ ನೀರು ಹೋಗಬಾರದು. ಆಡಿನ ಕೂದಲಿಗೆ ಮಕ್ಕಳ ಶಾಂಪೂ ಸಾಕು, ಪಾತ್ರೆ ತೊಳೆಯುವ ಸೋಪು ಹಾಕಿದರೆ ಕೂದಲು ಒರಟಾಗುತ್ತದೆ. ಜಿಡ್ಡಿನ ಫೌಂಡೇಶನ್ ಹಿಡಿದ ನೈಲಾನ್‌ಗೆ ಅದೇ ಸೋಪಿನ ಒಂದು ಹನಿ ನಡೆಯುತ್ತದೆ. ನೊರೆ ಬೆಳ್ಳಗಾಗಿ ನೀರು ತಿಳಿಯಾಗುವ ತನಕ ತೊಳೆದು, ಟವೆಲಿನಲ್ಲಿ ಒತ್ತಿ, ಮೇಜಿನ ಅಂಚಿನಿಂದ ಕೂದಲು ಹೊರಗೆ ಚಾಚುವ ಹಾಗೆ ಮಲಗಿಸಿ ಫ್ಯಾನ್ ಹಾಕುತ್ತೇನೆ. ಮಳೆಗಾಲದಲ್ಲಿ ದಪ್ಪ ಬ್ರಷ್‌ಗೆ ಎರಡು ದಿನ ಬಿಡುತ್ತೇನೆ. ಮೇಲಿನ ಕೂದಲಲ್ಲ, ಬುಡದ ಹತ್ತಿರ ಬೆರಳಿಂದ ಬಿಡಿಸಿ ಮುಟ್ಟಿ ನೋಡಬೇಕು. ಅಲ್ಲಿ ತಣ್ಣಗೆ ಅನ್ನಿಸಿದರೆ ಒಣಗಿಲ್ಲ ಅಂತಲೇ ಅರ್ಥ.

ಮದುಮಗಳಿಗೆ ಪ್ರತಿ ಸಲ ಹೊಸ ಸ್ಪಂಜ್, ಬ್ರಷ್ ತೊಳೆದದ್ದೇ. ಮನೆಯಲ್ಲಿ ತನಗೆ ಮಾತ್ರ ಬಳಸುವವರು ಸ್ಪಂಜನ್ನು ಪ್ರತಿ ಸಲ ತೊಳೆದು ಗಾಳಿಗೆ ಇಡಿ, ಡಬ್ಬಿಯೊಳಗೆ ಹಾಕಬೇಡಿ. ಫೌಂಡೇಶನ್ ಬ್ರಷ್ ವಾರಕ್ಕೊಮ್ಮೆ, ಪೌಡರಿನದ್ದು ಎರಡು ವಾರಕ್ಕೊಮ್ಮೆ ಆದರೂ ಅಡ್ಡಿಯಿಲ್ಲ. ಆದರೆ ಮುಖದಲ್ಲಿ ಮೊಡವೆ ಎದ್ದಿದ್ದರೆ ಅಷ್ಟು ದಿನ ಕಾಯಬೇಡಿ.

ಈ ಆಟಿಗೆ ಬ್ರಷ್‌ಗಳನ್ನು ಚೀಲದಲ್ಲಿ ಇಟ್ಟಿಲ್ಲ. ತೆಳ್ಳಗಿನ ಹತ್ತಿ ಬಟ್ಟೆಯಲ್ಲಿ ಸುತ್ತಿ, ಗಾಳಿ ಆಡುವ ಮೇಲಿನ ಕಪಾಟಿನಲ್ಲಿ ಮಲಗಿಸಿದ್ದೇನೆ. ವಾರಕ್ಕೊಮ್ಮೆ ತಂಗಿ ಬಂದು ಮೂಸಿ ನೋಡುತ್ತಾಳೆ.