10 ನಿಮಿಷದ ಭಾಷಣದಲ್ಲಿ ಏನನ್ನು ಬಿಡಬೇಕು, ಏನನ್ನು ಬಿಡಲೇಬಾರದು

ಸಮ್ಮೇಳನಗಳಿಗೆ ಹೊರಟ ಸಂಶೋಧಕರ ಭಾಷಣ, ಪೋಸ್ಟರ್‌ಗಳನ್ನು ಕೂತು ತಿದ್ದಿಕೊಡುವುದು ನನ್ನ ಕೆಲಸ. ಅವರಿಗೆ ಸಾಮಾನ್ಯವಾಗಿ ಸಿಗುವುದು 12 ನಿಮಿಷ. ಅದರಲ್ಲಿ 10 ಮಾತಿಗೆ, 2 ಪ್ರಶ್ನೆಗೆ. ಕೈಯಲ್ಲಿರುವ ಸರಕು ಮಾತ್ರ ಒಂದು ಗಂಟೆಗೆ ಸಾಕಾಗುವಷ್ಟಿರುತ್ತದೆ. ಹಾಗಾಗಿ ಎಲ್ಲರೂ ಕತ್ತರಿ ಹಿಡಿಯುತ್ತಾರೆ. ಹಿನ್ನೆಲೆಯಲ್ಲಿ ಸ್ವಲ್ಪ, ವಿಧಾನದಲ್ಲಿ ಸ್ವಲ್ಪ, ಫಲಿತಾಂಶದಲ್ಲಿ ಸ್ವಲ್ಪ ಕತ್ತರಿಸುತ್ತಾರೆ. ಕೊನೆಗೆ ಎಲ್ಲ ಭಾಗವೂ ಚೂರುಚೂರು ಉಳಿದಿರುತ್ತದೆ, ವಾದ ಮಾತ್ರ ಎಲ್ಲೂ ಕಾಣುವುದಿಲ್ಲ.

ಹೊಸಬರು ಬಂದಾಗ ನಾನು ಅವರ ಸ್ಲೈಡುಗಳನ್ನು ಮುಟ್ಟುವುದೇ ಇಲ್ಲ. ಬೇರೆಯವರ ಕೆಲಸದ ಮೇಲೆ ಕತ್ತರಿ ಆಡಿಸುವುದು ಸುಲಭ ಅಲ್ವಾ? ಅದಕ್ಕೇ 1854ರ ಲಂಡನ್ ಕಾಲರಾದ ಕಥೆ ಕೊಡುತ್ತೇನೆ. ವೈದ್ಯ ಜಾನ್ ಸ್ನೋ ಬ್ರಾಡ್ ಸ್ಟ್ರೀಟ್‌ನ ಪಂಪಿನ ನೀರಿನ ಮೇಲೆ ಬೆರಳಿಟ್ಟ ಕಥೆ ಬಹಳ ಜನರಿಗೆ ಗೊತ್ತು. 'ಈ ಕೆಲಸವನ್ನು ನೀವೇ ಮಾಡಿದ್ದು ಅಂದುಕೊಳ್ಳಿ, 10 ನಿಮಿಷದಲ್ಲಿ ಹೇಳಿ' ಅನ್ನುತ್ತೇನೆ.

ಹೆಚ್ಚುಕಡಿಮೆ ಎಲ್ಲರೂ ಎರಡು ವಿಷಯ ಉಳಿಸಿಕೊಳ್ಳುತ್ತಾರೆ. ಒಂದು, ಸಾವುಗಳನ್ನು ಗುರುತು ಹಾಕಿದ ಪ್ರಸಿದ್ಧ ನಕ್ಷೆ. ಇನ್ನೊಂದು, ಪಂಪಿನ ಹಿಡಿಕೆ ಕಿತ್ತು ಹಾಕಿಸಿದ ಪ್ರಸಂಗ. ಎರಡೂ ನೋಡಲು, ಕೇಳಲು ಚೆಂದ. ಆದರೆ ಈ ಎರಡರಿಂದಲೇ ಸ್ನೋ ಅವರ ವಾದ ನಿಲ್ಲುವುದಿಲ್ಲ.

ಯಾಕೆ ಅಂದರೆ, ಆಗಿನ ಕಾಲದ ಬಹುಪಾಲು ವೈದ್ಯರು ಕಾಲರಾ ಕೆಟ್ಟ ಗಾಳಿಯಿಂದ ಬರುತ್ತದೆ ಎಂದು ನಂಬಿದ್ದರು. ಅಂಥವರ ಮುಂದೆ ನಕ್ಷೆ ಹಿಡಿದು ನಿಲ್ಲಿ. 'ಪಂಪಿನ ಸುತ್ತ ಸಾವು ಜಾಸ್ತಿ, ನೋಡಿ' ಅನ್ನಿ. 'ಹೌದಪ್ಪಾ, ಆ ಬೀದಿಯ ಗಾಳಿಯೇ ಕೆಟ್ಟಿದೆ' ಅನ್ನುತ್ತಾರೆ. ಒಂದೇ ಜಾಗದಲ್ಲಿ ಸಾವು ಗುಂಪಾಗಿರುವುದು ನೀರಿನ ವಾದಕ್ಕೂ ಹೊಂದುತ್ತದೆ, ಗಾಳಿಯ ವಾದಕ್ಕೂ ಹೊಂದುತ್ತದೆ. ಹಿಡಿಕೆಯ ಕಥೆ ಇನ್ನೂ ದುರ್ಬಲ. ಹಿಡಿಕೆ ತೆಗೆದದ್ದು ಸೆಪ್ಟೆಂಬರ್ 8ರಂದು. ಅಷ್ಟರಲ್ಲಿ ಜನ ಊರು ಬಿಟ್ಟು ಓಡಿದ್ದರು, ಸಾವೂ ಇಳಿಮುಖವಾಗಿತ್ತು. ಇದನ್ನು ಸ್ವತಃ ಸ್ನೋ ಅವರೇ ಬರೆದಿಟ್ಟಿದ್ದಾರೆ.

ಹಾಗಾದರೆ ವಾದ ಎಲ್ಲಿದೆ? ನಕ್ಷೆಗೆ ಹೊಂದದ ಜಾಗಗಳಲ್ಲಿದೆ. ಪಂಪಿನ ಹತ್ತಿರವೇ ಬಡವರನ್ನು ಇಟ್ಟು ದುಡಿಸುತ್ತಿದ್ದ ವರ್ಕ್‌ಹೌಸ್ ಇತ್ತು. ಸುತ್ತಲಿನ ಮನೆಗಳಲ್ಲಿ ಹೆಣ ಬೀಳುತ್ತಿದ್ದರೂ ಅಲ್ಲಿದ್ದ 535 ಜನರಲ್ಲಿ ಕಾಲರಾದಿಂದ ಸತ್ತವರು 5 ಮಂದಿ ಮಾತ್ರ. ಅವರದ್ದೇ ಬಾವಿ ಇತ್ತು. ಅದೇ ಬ್ರಾಡ್ ಸ್ಟ್ರೀಟ್‌ನಲ್ಲಿ ಬಿಯರ್ ಕಾರ್ಖಾನೆಯೂ ಇತ್ತು. 70ಕ್ಕೂ ಹೆಚ್ಚು ಕೆಲಸಗಾರರಲ್ಲಿ ಒಬ್ಬರೂ ಕಾಲರಾದಿಂದ ಸಾಯಲಿಲ್ಲ. ಅವರಿಗೆ ಕುಡಿಯಲು ಬಿಯರ್ ಸಿಗುತ್ತಿತ್ತು, ಆ ಪಂಪಿನ ಕಡೆ ಹೋಗುತ್ತಲೇ ಇರಲಿಲ್ಲ. ಇನ್ನು ಇದಕ್ಕೆ ತಿರುಗುಮುರುಗಾದದ್ದು: ಮೈಲಿಗಟ್ಟಲೆ ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿದ್ದ ಒಬ್ಬ ವಿಧವೆ ಕಾಲರಾದಿಂದ ಸತ್ತರು. ಅವರ ಸುತ್ತಮುತ್ತ ಕಾಲರಾ ಇರಲೇ ಇಲ್ಲ. ಆಕೆಗೆ ಬ್ರಾಡ್ ಸ್ಟ್ರೀಟ್ ಪಂಪಿನ ನೀರೇ ಇಷ್ಟ, ಗಾಡಿಯಲ್ಲಿ ತರಿಸಿಕೊಂಡು ಕುಡಿಯುತ್ತಿದ್ದರು.

ಅದೇ ಗಾಳಿ ಉಸಿರಾಡಿಯೂ ಉಳಿದವರು ಒಂದು ಕಡೆ. ಆ ಗಾಳಿಯೇ ಸೋಕದೆ ಸತ್ತವರು ಇನ್ನೊಂದು ಕಡೆ. ಗಾಳಿಯ ವಾದದವರು ಇಲ್ಲಿ ತಡವರಿಸಲೇಬೇಕು. ನನ್ನ ಅನುಭವದಲ್ಲಿ, ಕತ್ತರಿ ಹಾಕುವಾಗ ಮೊದಲು ಹೋಗುವುದೇ ಇಂಥ ಭಾಗ. 'ಇವು ಬರೀ ಅಪವಾದಗಳು, ಸಮಯ ಇಲ್ಲ' ಅಂತ ತೆಗೆದುಬಿಡುತ್ತಾರೆ.

ಹಾಗಾಗಿ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ನಿಮ್ಮ ಮಾತು ಒಪ್ಪದವರು ಏನು ಹೇಳುತ್ತಾರೆ? ಅದನ್ನು ಒಂದು ವಾಕ್ಯದಲ್ಲಿ ಬರೆಸುತ್ತೇನೆ. ಆಮೇಲೆ ಒಂದೊಂದೇ ಸ್ಲೈಡು ತೋರಿಸಿ, 'ಇದನ್ನು ನೋಡಿದ ಮೇಲೂ ಅವರು ಅದನ್ನೇ ಹೇಳಬಹುದಾ?' ಅನ್ನುತ್ತೇನೆ. ಹೇಳಬಹುದು ಅಂದರೆ ಆ ಸ್ಲೈಡು ಬರೀ ಹಿನ್ನೆಲೆ. ಹೇಳಲಾರರು ಅಂದರೆ ಅದೇ ಭಾಷಣದ ಬೆನ್ನೆಲುಬು. ಎಷ್ಟೋ ಸಲ 25 ಸ್ಲೈಡುಗಳಲ್ಲಿ ಎರಡೋ ಮೂರೋ ಉಳಿಯುತ್ತವೆ. ಗಾಬರಿ ಬೀಳಬೇಕಾಗಿಲ್ಲ, ಮೂರಿದ್ದರೆ ಧಾರಾಳ.

ಸ್ನೋ ಕಥೆಗೆ ನಾನು ಸಮಯ ಹಂಚುವುದು ಹೀಗೆ. ಜಗಳ ಏನು, ನಾವು ಯಾವ ಕಡೆ ಅನ್ನುವುದಕ್ಕೆ ಮೊದಲ ಒಂದೂವರೆ ನಿಮಿಷ. ಉತ್ತರವನ್ನು ಅಲ್ಲೇ ಹೇಳಿಬಿಡಬೇಕು, ಕೊನೆಗೆ ಅಂತ ಬಚ್ಚಿಡಬಾರದು. ನಕ್ಷೆಗೆ ಒಂದು ನಿಮಿಷ ಸಾಕು. ವರ್ಕ್‌ಹೌಸ್, ಬಿಯರ್ ಕಾರ್ಖಾನೆ, ವಿಧವೆ, ಈ ಮೂರಕ್ಕೆ ನಾಲ್ಕೂವರೆ ನಿಮಿಷ. ಅಲ್ಲಿಗೆ 7 ನಿಮಿಷ, ವಾದ ಮುಗಿಯಿತು. ಉಳಿದ ಮೂರರಲ್ಲಿ ಮಾಹಿತಿ ಹೇಗೆ ಕಲೆಹಾಕಿದರು, ಎಲ್ಲಿ ಕೊರತೆಯಿದೆ ಎಂಬ ಮಾತು.

ಹೀಗೆ ಜೋಡಿಸುವುದಕ್ಕೆ ಕಾರಣವಿದೆ. ಹಿಂದಿನ ಭಾಷಣ ಎಳೆದುಹೋಗಿ, ಅಧ್ಯಕ್ಷರು ನಿಮ್ಮ 10 ನಿಮಿಷವನ್ನು 7 ಮಾಡುವುದು ತೀರಾ ಮಾಮೂಲು. ಆಗ ಜನ ಮಾತಿನ ವೇಗ ಹೆಚ್ಚಿಸುತ್ತಾರೆ, ಅದು ಯಾರಿಗೂ ಅರ್ಥವಾಗುವುದಿಲ್ಲ. ಅದರ ಬದಲು ಕೊನೆಯ ಮೂರು ನಿಮಿಷದ ತುಂಡನ್ನು ಹಾಗೇ ಕಳಚಿಡಬಹುದು. ಆದರೆ ಕಳಚುವ ತುಂಡಿನ ಹೆಸರನ್ನು ಮೊದಲೇ ಎತ್ತಿರಬಾರದು. 'ಇದರ ಬಗ್ಗೆ ಆಮೇಲೆ ಹೇಳ್ತೀನಿ' ಅಂದಿದ್ದರೆ ಸಿಕ್ಕಿಹಾಕಿಕೊಂಡಿರಿ ಅಂತಲೇ ಲೆಕ್ಕ.

ಸ್ಲೈಡಿನ ತಲೆಬರಹದ ಬಗ್ಗೆಯೂ ನನಗೆ ಹಟ ಜಾಸ್ತಿ. 'ಫಲಿತಾಂಶ 3' ಅಂತ ಬರೆದರೆ ಏನೂ ತಿಳಿಯುವುದಿಲ್ಲ. 'ಪಂಪಿನ ಪಕ್ಕದಲ್ಲಿದ್ದರೂ ಬೇರೆ ಬಾವಿಯ ನೀರು ಕುಡಿದವರು ಉಳಿದರು' ಅಂತ ಬರೆಯಿರಿ. ಅರೆನಿದ್ದೆಯಲ್ಲಿ ಕೂತವರೂ ಅದನ್ನು ಓದಿಕೊಳ್ಳುತ್ತಾರೆ. ತಲೆಬರಹಗಳನ್ನಷ್ಟೇ ಸಾಲಾಗಿ ಓದಿದರೆ ವಾದ ಸಿಗಬೇಕು.

ಒಮ್ಮೆ ಒಬ್ಬ ಹುಡುಗಿ ಕೇಳಿದಳು: "ಮೇಡಂ, ಹಿಡಿಕೆ ಕಥೆ ಬಿಟ್ರೆ ಸಪ್ಪೆ ಆಗಲ್ವಾ?" "ಊಟದ ಹೊತ್ತಲ್ಲಿ ಹೇಳಮ್ಮ" ಅಂದೆ.

ಪೋಸ್ಟರ್‌ನಲ್ಲಿ ತೊಡಕು ಬೇರೆ. ಅಲ್ಲಿ ಸಮಯ ನಿಮ್ಮ ಕೈಯಲ್ಲಿಲ್ಲ, ಕ್ರಮವೂ ಇಲ್ಲ. ಎ0 ಹಾಳೆ ಅಂದರೆ 841 x 1189 ಮಿ.ಮೀ. ನಡೆದು ಹೋಗುವವರ ಕಣ್ಣು ಅದರ ಮೇಲೆ ಎಲ್ಲಿ ಬೇಕಾದರೂ ಬೀಳಬಹುದು. ಹೇಳಿಕೆಯನ್ನು ನಡುವೆ ದೊಡ್ಡ ಅಕ್ಷರದಲ್ಲಿ ಬರೆಯುವ ರೂಢಿ ಈಗ ಬಂದಿದೆ. ಒಳ್ಳೆಯದೇ, ಆದರೆ ಅರ್ಧ ಕೆಲಸ. 'ಕಾಲರಾ ನೀರಿನಿಂದ ಬರುತ್ತದೆ' ಅಂತ ದೊಡ್ಡದಾಗಿ ಬರೆದರೆ ಒಪ್ಪದವರು ಮುಂದಕ್ಕೆ ನಡೆಯುತ್ತಾರೆ, ಅಷ್ಟೇ. ನಾನಾದರೆ ನಡುವೆ ನಕ್ಷೆ ಇಟ್ಟು, ಸಾವುಗಳನ್ನು ಮಸುಕು ಬೂದು ಬಣ್ಣಕ್ಕೆ ಇಳಿಸಿ, ವರ್ಕ್‌ಹೌಸ್ ಮತ್ತು ಕಾರ್ಖಾನೆಯನ್ನು ಗಾಢ ಬಣ್ಣದಲ್ಲಿ ಎತ್ತಿ ತೋರಿಸುತ್ತೇನೆ. '535 ಜನ, 5 ಸಾವು, ಸ್ವಂತ ಬಾವಿ' ಅನ್ನುವ ಮಾತು ಚಿತ್ರದ ಮೇಲೆಯೇ ಇರಬೇಕು, ಕೆಳಗೆಲ್ಲೋ ವಿವರಣೆಯ ಮೂರನೇ ಸಾಲಿನಲ್ಲಿ ಅಲ್ಲ. ವಿಧವೆಯ ಮನೆ ನಕ್ಷೆಯ ಆಚೆಗಿದೆ. ಅಂಚಿನಲ್ಲಿ ಒಂದು ಬಾಣ ಹಾಕಿ ಹೊರಗೆ ಬರೆಯುತ್ತೇನೆ. ಬಾಣ ಹಾಳೆಯ ಆಚೆಗೆ ಹೋಗುವುದನ್ನು ಕಂಡು ಜನ ನಿಂತು ಕೇಳುತ್ತಾರೆ.

ಎಲ್ಲ ಸರಿಯಾಗಿದೆಯೋ ಇಲ್ಲವೋ ನೋಡಲು, ಬೇರೆ ವಿಭಾಗದವರೊಬ್ಬರನ್ನು ಕೂರಿಸಿ ತಾಲೀಮು ಮಾಡಿಸುತ್ತೇನೆ. ಮುಗಿದ ಮೇಲೆ 'ಏನು ಕೇಳಿದಿರಿ?' ಅನ್ನುತ್ತೇನೆ. 'ಚೆನ್ನಾಗಿತ್ತು' ಅನ್ನುವ ಉತ್ತರ ಬೇಡ. 'ಪಂಪಿನ ಹತ್ತಿರ ತುಂಬಾ ಜನ ಸತ್ತರು' ಅಂದರೆ ನಕ್ಷೆ ಮಾತ್ರ ದಾಟಿದೆ, ವಾದ ದಾಟಿಲ್ಲ. 'ಹತ್ತಿರ ಇದ್ದರೂ ಆ ನೀರು ಕುಡಿಯದವರು ಸಾಯಲಿಲ್ಲ' ಅಂದರೆ ಸರಿ.

ಅವರು ಕೇಳುವ ಮೊದಲ ಪ್ರಶ್ನೆಯನ್ನೂ ಬರೆದಿಟ್ಟುಕೊಳ್ಳುತ್ತೇನೆ. 'ಗಾಳಿಯಿಂದಲೂ ಆಗಿರಬಹುದಲ್ವಾ?' ಅಂತ ಕೇಳಿದರೆ ಭಾಷಣ ಮತ್ತೆ ತಿದ್ದಬೇಕು. 'ಮೂರೇ ಮೂರು ಉದಾಹರಣೆ, ಕಾಕತಾಳೀಯ ಇರಬಹುದಲ್ವಾ?' ಅಂತ ಕೇಳಿದರೆ ಖುಷಿಯಾಗುತ್ತದೆ, ಅದು ವಾದ ಅರ್ಥವಾದವರ ಪ್ರಶ್ನೆ. ಅದಕ್ಕೆ ಕೊನೆಯ ಸ್ಲೈಡಿನ ನಂತರ ಒಂದು ಹೆಚ್ಚುವರಿ ಸ್ಲೈಡು ಇಡಬೇಕು. ಸ್ನೋ ಅವರ ಹತ್ತಿರ ಅದೂ ಇತ್ತು. ದಕ್ಷಿಣ ಲಂಡನ್‌ನಲ್ಲಿ ಎರಡು ಕಂಪನಿಗಳ ನೀರಿನ ಕೊಳವೆಗಳು ಒಂದೇ ಬೀದಿಗಳಲ್ಲಿ ಹಾದುಹೋಗಿದ್ದವು. ನಗರದ ಕೊಳಕು ಸೇರಿದ ಜಾಗದಲ್ಲಿ ಥೇಮ್ಸ್ ನೀರೆತ್ತುತ್ತಿದ್ದ ಕಂಪನಿಯ ನೀರು ಬರುತ್ತಿದ್ದ ಕಡೆ 10,000 ಮನೆಗಳಿಗೆ 315 ಸಾವು. ನದಿಯ ಮೇಲ್ಭಾಗಕ್ಕೆ ಹೋಗಿ ನೀರೆತ್ತುತ್ತಿದ್ದ ಕಂಪನಿಯ ಕಡೆ ಅಷ್ಟೇ ಮನೆಗಳಿಗೆ 37. ಪುರಾವೆಯಾಗಿ ಇದೇ ಹೆಚ್ಚು ಗಟ್ಟಿ, ಆದರೆ ಎರಡು ಕಂಪನಿ, ಕೊಳವೆ, ನದಿ ಎಲ್ಲ ವಿವರಿಸಲು 10 ನಿಮಿಷದಲ್ಲಿ ಜಾಗ ಸಾಲದು. ಪ್ರಶ್ನೆ ಬಂದರೆ 40 ಸೆಕೆಂಡಿನಲ್ಲಿ ಹೇಳಬಹುದು. ಬರದಿದ್ದರೆ ಆ ಸ್ಲೈಡು ತೆರೆಯುವುದೇ ಬೇಡ.